ಎರಡು ಸಲ ಓಡಿದರೂ ಕೆಡದ ಲೆಕ್ಕ

ಒಂದು ಕಡೆ ಹುಟ್ಟುವ ಡೇಟಾವನ್ನು ಹೊರತೆಗೆದು, ಬೇಕಾದ ರೂಪಕ್ಕೆ ತಂದು, ಇನ್ನೊಂದು ಕಡೆ ತುಂಬಿಡುವ ಕೆಲಸಕ್ಕೆ ಕಂಪ್ಯೂಟರ್ ಕ್ಷೇತ್ರದಲ್ಲಿ ಇಟಿಎಲ್ ಎಂದು ಹೆಸರು. ಈ ಮೂರು ಹಂತಗಳು ದಿನವೂ ತಾವಾಗಿಯೇ ನಡೆಯುವಂತೆ ಜೋಡಿಸಿದರೆ ಅದು ಪೈಪ್‌ಲೈನ್. ಹಿಂದೆ ಇದಕ್ಕಾಗಿ ಸಂಸ್ಥೆಗಳು ತಮ್ಮದೇ ಸರ್ವರ್ ಇಟ್ಟು, ತಂತ್ರಾಂಶ ಹಾಕಿ, ಅದನ್ನು ನೋಡಿಕೊಳ್ಳಲು ಜನರನ್ನೂ ಇಡಬೇಕಿತ್ತು. ಈಗ ಹೆಚ್ಚಿನವರು ಕ್ಲೌಡ್ ಕಂಪನಿಗಳು ನಡೆಸುವ ಸೇವೆಯನ್ನು ಬಾಡಿಗೆಗೆ ಪಡೆಯುತ್ತಾರೆ. ಅಮೆಜಾನ್ 2017ರಲ್ಲಿ ಎಲ್ಲರ ಬಳಕೆಗೆ ತೆರೆದ ಎಡಬ್ಲ್ಯುಎಸ್ ಗ್ಲೂ ಅಂಥದೊಂದು ಸೇವೆ. ಒಳಗೆ ಕೆಲಸ ಮಾಡುವುದು ಅಪಾಚೆ ಸ್ಪಾರ್ಕ್ ಎಂಬ ಮುಕ್ತ ತಂತ್ರಾಂಶ. ಯಂತ್ರಗಳನ್ನು ಎಬ್ಬಿಸುವುದು, ಕೆಲಸ ಮುಗಿದ ಮೇಲೆ ಮಲಗಿಸುವುದು, ಓಡಿದಷ್ಟು ಹೊತ್ತಿಗೆ ಮಾತ್ರ ಬಿಲ್ ಹಾಕುವುದು ಕಂಪನಿಯ ಜವಾಬ್ದಾರಿ. ಡೇಟಾ ಸರಿಯಿದೆಯೇ ಎಂದು ನೋಡುವುದು ಮಾತ್ರ ಬಳಸುವವರ ಜವಾಬ್ದಾರಿಯಾಗಿಯೇ ಉಳಿಯುತ್ತದೆ.

ಕೆಲಸದ ನಡೆಯನ್ನು ಹತ್ತಿರದಿಂದ ನೋಡಲು ಒಂದು ಕಾಲ್ಪನಿಕ ಹಾಲು ಒಕ್ಕೂಟವನ್ನು ತೆಗೆದುಕೊಳ್ಳಬಹುದು. ಅದಕ್ಕೆ 900 ಹಳ್ಳಿಗಳ ಸಂಘಗಳು; ಒಂದೊಂದರಲ್ಲಿ ಸರಾಸರಿ 60 ಮಂದಿ ಹಾಲು ಹಾಕುವವರು. ಬೆಳಿಗ್ಗೆ ಮತ್ತು ಸಂಜೆ ಡೇರಿಯ ಯಂತ್ರ ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ ಅಳೆದು ಒಂದೊಂದು ಸಾಲು ದಾಖಲಿಸುತ್ತದೆ. ದಿನಕ್ಕೆ 1,08,000 ಸಾಲು. ಇವೆಲ್ಲ ಒಕ್ಕೂಟದ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಬಂದು ಸೇರುತ್ತವೆ. ರಾತ್ರಿ ಪೈಪ್‌ಲೈನ್ ಅವನ್ನು ಅಲ್ಲಿಂದ ಓದಿಕೊಂಡು, ಪಠ್ಯವಾಗಿ ಬಂದಿರುವ ಫ್ಯಾಟನ್ನು ಸಂಖ್ಯೆಯಾಗಿಸಿ, ದರಪಟ್ಟಿ ನೋಡಿ ಹಣ ಲೆಕ್ಕಹಾಕಿ, ಎಸ್3 ಎಂಬ ಸಂಗ್ರಹದಲ್ಲಿ ದಿನಕ್ಕೊಂದು ಫೋಲ್ಡರಿನಂತೆ ಪಾರ್ಕೆ ಕಡತಗಳಾಗಿ ಬರೆದಿಡಬೇಕು. ಬೆಳಿಗ್ಗೆ ಆರಕ್ಕೆ ಅಧಿಕಾರಿಗಳು ವರದಿ ತೆರೆದಾಗ ಹಿಂದಿನ ದಿನದ ಲೆಕ್ಕ ಅಲ್ಲಿರಬೇಕು.

ಮೊದಲ ಪ್ರಶ್ನೆ, ಇದನ್ನು ಎಷ್ಟು ಹೊತ್ತಿಗೆ ಓಡಿಸುವುದು ಎಂಬುದು. ಸಂಜೆಯ ಹಾಲಿನ ಲೆಕ್ಕ ಬಂದು ಸೇರಲು ಸಮಯ ಕೊಟ್ಟು, ರಾತ್ರಿ 2 ಗಂಟೆ ಎಂದು ಇಟ್ಟುಕೊಳ್ಳೋಣ. ಗ್ಲೂ ಸೇವೆಯ ಸಮಯಪಟ್ಟಿ ಓಡುವುದು ಯುಟಿಸಿ ಗಡಿಯಾರದಲ್ಲಿ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮ 2 ಗಂಟೆ ಅಲ್ಲಿ ಹಿಂದಿನ ದಿನದ ರಾತ್ರಿ 8.30. ಅದನ್ನು ಬರೆಯುವುದು ಹೀಗೆ:

```
cron(30 20 * * ? *)
```

ಗಂಟೆಯನ್ನು ಸರಿಯಾಗಿ ಪರಿವರ್ತಿಸುವವರೂ ತಾರೀಖಿನಲ್ಲಿ ಎಡವುತ್ತಾರೆ. ಪೈಪ್‌ಲೈನಿನ ಸ್ಕ್ರಿಪ್ಟಿನಲ್ಲಿ ಸಾಮಾನ್ಯವಾಗಿ "ಇಂದಿನ ತಾರೀಖಿನಿಂದ ಒಂದು ದಿನ ಕಳೆದು, ಆ ದಿನದ ಸಾಲುಗಳನ್ನು ತೆಗೆ" ಎಂದು ಬರೆದಿರುತ್ತಾರೆ. ಜೂನ್ 15ರ ರಾತ್ರಿ 2ಕ್ಕೆ ಅದು ಜೂನ್ 14ರ ಹಾಲನ್ನು ತರಬೇಕು. ಆದರೆ ಕ್ಲೌಡಿನ ಯಂತ್ರಕ್ಕೆ ಆಗಿನ್ನೂ ಜೂನ್ 14. ಅದರ ಪಾಲಿಗೆ ನಿನ್ನೆ ಎಂದರೆ 13. ಯಾವ ದೋಷವೂ ತೋರುವುದಿಲ್ಲ, ಪ್ರತಿದಿನವೂ ಕೆಲಸ ಯಶಸ್ವಿ ಎಂದೇ ಬರುತ್ತದೆ, ವರದಿ ಮಾತ್ರ ಸದಾ ಒಂದು ದಿನ ಹಿಂದೆ. ಇದೇ ಸ್ಕ್ರಿಪ್ಟನ್ನು ಬೆಳಿಗ್ಗೆ 6ಕ್ಕೆ ಓಡಿಸಿದ್ದರೆ ಯುಟಿಸಿಯಲ್ಲೂ ತಾರೀಖು ಬದಲಾಗಿರುತ್ತಿತ್ತು, ತಪ್ಪು ಕಾಣಿಸುತ್ತಲೇ ಇರಲಿಲ್ಲ. ಹೀಗೆ ವರ್ಷಗಟ್ಟಲೆ ಸರಿಯಾಗಿದ್ದ ಪೈಪ್‌ಲೈನ್, ಸಮಯ ಹಿಂದಕ್ಕೆ ಸರಿಸಿದ ದಿನ ಕೆಡುತ್ತದೆ.

ಇದಕ್ಕೆ ಪರಿಹಾರವೆಂದರೆ ಸ್ಕ್ರಿಪ್ಟು ತಾನೇ ಗಡಿಯಾರ ನೋಡದಂತೆ ಮಾಡುವುದು. ಯಾವ ದಿನದ ಲೆಕ್ಕ ಎಂಬುದನ್ನು ಹೊರಗಿನಿಂದ ಹೇಳಿ ಕಳಿಸಬೇಕು. ಅಮೆಜಾನಿನ ಈವೆಂಟ್‌ಬ್ರಿಜ್ ಶೆಡ್ಯೂಲರ್‌ನಲ್ಲಿ `Asia/Kolkata` ಎಂದು ಸಮಯವಲಯವನ್ನೇ ಆರಿಸಬಹುದು. ಯಾವ ಹೊತ್ತಿಗೆ ಓಡಬೇಕಿತ್ತೋ ಆ ಹೊತ್ತನ್ನು ಅದು ಕೆಲಸಕ್ಕೆ ದಾಟಿಸುತ್ತದೆ ಕೂಡ. ಆ ಹೊತ್ತನ್ನು ಒಂದೇ ಕಡೆ ಭಾರತದ ತಾರೀಖಿಗೆ ಬದಲಿಸಿ, ಮುಂದಿನ ಹಂತಗಳಿಗೆಲ್ಲ ಅದನ್ನೇ ಕೊಡಬೇಕು. ಇದರಿಂದ ಇನ್ನೊಂದು ದೊಡ್ಡ ಅನುಕೂಲವಿದೆ. ಮೂರು ವಾರದ ನಂತರ "ಜೂನ್ 14ರ ಲೆಕ್ಕ ಮತ್ತೆ ಮಾಡಿ" ಎಂದು ಯಾರಾದರೂ ಕೇಳಿದರೆ, ಆ ತಾರೀಖು ಕೊಟ್ಟು ಅದೇ ಕೆಲಸವನ್ನು ಓಡಿಸಿದರೆ ಆಯಿತು.

ಮತ್ತೆ ಓಡಿಸುವುದು ಅಪರೂಪದ ಸಂಗತಿಯಲ್ಲ. ಈವೆಂಟ್‌ಬ್ರಿಜ್ ಶೆಡ್ಯೂಲರ್ ಕೊಡುವ ಭರವಸೆಯೇ "ಕನಿಷ್ಠ ಒಂದು ಸಲ" ಎಂಬುದು; ಎಂದಾದರೊಮ್ಮೆ ಒಂದೇ ಕರೆ ಎರಡು ಸಲ ಹೋಗಬಹುದು. ವಿಫಲವಾದ ಕೆಲಸವನ್ನು ಮತ್ತೆ ಓಡಿಸುತ್ತಾರೆ. ದರಪಟ್ಟಿ ತಪ್ಪಿತ್ತೆಂದು ಗೊತ್ತಾದಾಗಲೂ ಓಡಿಸುತ್ತಾರೆ. ಹೀಗಾಗಿ ಒಂದೇ ದಿನದ ಕೆಲಸ ಎಷ್ಟು ಸಲ ಓಡಿದರೂ ಫಲ ಒಂದೇ ಆಗಿರಬೇಕು. ಪೈಪ್‌ಲೈನ್ ಕಟ್ಟುವವರು ಮೊದಲು ಖಚಿತಪಡಿಸಿಕೊಳ್ಳಬೇಕಾದ ಗುಣ ಇದೇ. ಸಮಯಪಟ್ಟಿ, ಮರುಯತ್ನ, ತಪಾಸಣೆ ಎಲ್ಲವೂ ಇದರ ಮೇಲೆಯೇ ನಿಲ್ಲುತ್ತವೆ.

ಹಾಲಿನ ಲೆಕ್ಕದಲ್ಲಿ ಈ ಗುಣ ಹೇಗೆ ಕೈತಪ್ಪುತ್ತದೆ ಎಂಬುದನ್ನು ನೋಡಬೇಕು. ಗ್ಲೂ ಸೇವೆಯಲ್ಲಿ ಬುಕ್‌ಮಾರ್ಕ್ ಎಂಬ ಸೌಲಭ್ಯವಿದೆ. ಡೇಟಾಬೇಸಿನಿಂದ ಓದುವಾಗ, ಕಳೆದ ಸಲ ಯಾವ ಕ್ರಮಸಂಖ್ಯೆಯವರೆಗೆ ಓದಲಾಗಿತ್ತು ಎಂಬುದನ್ನು ಅದು ನೆನಪಿಟ್ಟುಕೊಂಡು ಮುಂದಿನ ಸಾಲುಗಳನ್ನಷ್ಟೇ ತರುತ್ತದೆ. ಹೊಸದನ್ನು ಮಾತ್ರ ತರುವುದು ನೋಡಲು ಜಾಣತನವೇ. ಆದರೆ ಹಳ್ಳಿಯ ಸಂಘವೊಂದಕ್ಕೆ ಎರಡು ದಿನ ನೆಟ್‌ವರ್ಕ್ ಇರಲಿಲ್ಲ ಎನ್ನಿ. ಜೂನ್ 12ರ ಸಾಲುಗಳು 14ರಂದು ಬಂದು ಸೇರುತ್ತವೆ. ಕ್ರಮಸಂಖ್ಯೆ ಹೊಸದು, ಹಾಲಿನ ತಾರೀಖು ಹಳೆಯದು. ಬುಕ್‌ಮಾರ್ಕ್ ಅವನ್ನು ಹೊಸದೆಂದು ತಂದಾಗ, 12ರ ಫೋಲ್ಡರಿಗೆ ಅವನ್ನು ಏನು ಮಾಡಬೇಕು? ಇದ್ದದ್ದರ ಪಕ್ಕದಲ್ಲಿ ಸೇರಿಸುತ್ತ ಹೋದರೆ, ಬರೆಯುವುದು ಮುಗಿದು ಬುಕ್‌ಮಾರ್ಕ್ ದಾಖಲಾಗುವ ಮೊದಲೇ ಕೆಲಸ ಬಿದ್ದುಹೋದ ದಿನ, ಮರುಯತ್ನದಲ್ಲಿ ಅದೇ ಸಾಲುಗಳು ಎರಡನೇ ಸಲ ಬಂದು ಕೂರುತ್ತವೆ. ಫೋಲ್ಡರನ್ನು ಅಳಿಸಿ ಬರೆದರೆ ಆ ಒಂದು ಸಂಘದ ಸಾಲುಗಳು ಉಳಿದು, ಮಿಕ್ಕ 899 ಸಂಘಗಳ ಲೆಕ್ಕ ಹೋಗುತ್ತದೆ. ಇಷ್ಟಲ್ಲದೆ, ಹಳೆಯ ಸಾಲಿನಲ್ಲಿ ಫ್ಯಾಟ್ ತಿದ್ದಿದ್ದರೆ ಕ್ರಮಸಂಖ್ಯೆ ಬದಲಾಗದ ಕಾರಣ ಆ ತಿದ್ದುಪಡಿ ಬುಕ್‌ಮಾರ್ಕಿನ ಕಣ್ಣಿಗೇ ಬೀಳುವುದಿಲ್ಲ.

ಇಷ್ಟು ಪ್ರಮಾಣದ ಡೇಟಾಕ್ಕೆ ಒಳ್ಳೆಯ ದಾರಿ ತೀರ ಸರಳ: ಪ್ರತಿ ರಾತ್ರಿ ಕಳೆದ ಮೂರು ದಿನಗಳ ಹಾಲನ್ನು ಮೂಲದಿಂದ ಇಡಿಯಾಗಿ ಮತ್ತೆ ಓದಿ, ಆ ಮೂರು ಫೋಲ್ಡರುಗಳನ್ನು ಪೂರ್ತಿ ಹೊಸದಾಗಿ ಬರೆಯುವುದು. ಮೂರು ದಿನಕ್ಕೆ 3,24,000 ಸಾಲು. ಸ್ಪಾರ್ಕ್‌ಗೆ ಅದು ಕೆಲಸವೇ ಅಲ್ಲ. ಅದಕ್ಕಿಂತ ತಡವಾಗಿ ಬರುವುದಕ್ಕಾಗಿ ಭಾನುವಾರ ರಾತ್ರಿ ಹಿಂದಿನ 30 ದಿನಗಳನ್ನು ಹೀಗೆಯೇ ತಿರುಗಿ ಬರೆಯಬಹುದು. ಕೋಟಿಗಟ್ಟಲೆ ಸಾಲು ಬರುವ ಸಂಸ್ಥೆಗಳಿಗೆ ಈ ಉಪಾಯ ದುಬಾರಿ. ಅಲ್ಲಿ ಬದಲಾದ ಸಾಲುಗಳನ್ನು ಮಾತ್ರ ಹಿಡಿದು ಬೆರೆಸುವ ಬೇರೆ ವಿಧಾನಗಳು ಬೇಕಾಗುತ್ತವೆ.

ಅಳಿಸಿ ಬರೆಯುವ ಆಜ್ಞೆಯಲ್ಲೇ ಒಂದು ಗುಂಡಿ ಇದೆ. ಸ್ಪಾರ್ಕ್‌ನಲ್ಲಿ ಈ ಆಜ್ಞೆಯ ಮೂಲ ನಡವಳಿಕೆ ಎಂದರೆ, ಬರೆಯುವ ಮೊದಲು ಗುರಿಯ ಜಾಗವನ್ನು ಪೂರ್ತಿ ಬರಿದು ಮಾಡುವುದು. ಮೂರು ದಿನದ ಡೇಟಾ ಬರೆಯಲು ಹೋದ ಕೆಲಸ, ಹಿಂದಿನ ಐದು ವರ್ಷದ ಫೋಲ್ಡರುಗಳನ್ನು ಅಳಿಸಿ, ಮೂರನ್ನು ಬರೆದು, ಯಶಸ್ವಿ ಎಂದು ವರದಿ ಮಾಡುತ್ತದೆ. ಬಂದಿರುವ ದಿನಗಳ ಫೋಲ್ಡರುಗಳನ್ನು ಮಾತ್ರ ಮುಟ್ಟಬೇಕೆಂದರೆ ಅದನ್ನು ಬಾಯಿಬಿಟ್ಟು ಹೇಳಬೇಕು:

```python
spark.conf.set(
  "spark.sql.sources.partitionOverwriteMode", "dynamic")
df.write.mode("overwrite") \
  .partitionBy("coll_date").parquet(path)
```

ಎಸ್3 ಸಂಗ್ರಹದಲ್ಲಿ ಅಳಿಸಿದ ಕಡತಗಳ ಹಳೆಯ ಆವೃತ್ತಿ ಉಳಿಯುವಂತೆ ಮೊದಲೇ ಆಯ್ಕೆ ಮಾಡಿಟ್ಟಿದ್ದರೆ ಇಂಥ ಅನಾಹುತದಿಂದ ಹಿಂದಿರುಗಬಹುದು. ಆ ಆಯ್ಕೆ ತಾನಾಗಿ ಚಾಲೂ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ಕೆಲಸ ಬೀಳುವ ಬಗೆ. ಮೊದಲನೆಯದು ತಾತ್ಕಾಲಿಕ ತೊಂದರೆ: ಡೇಟಾಬೇಸ್ ಬ್ಯಾಕಪ್‌ನಲ್ಲಿ ಮುಳುಗಿರುತ್ತದೆ, ಸಂಪರ್ಕ ಕಡಿಯುತ್ತದೆ, ಕ್ಲೌಡಿನಲ್ಲಿ ಆ ಕ್ಷಣಕ್ಕೆ ಯಂತ್ರ ಸಿಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸಿದರೆ ಸರಿಹೋಗುತ್ತದೆ. ಎರಡನೆಯದು ಹಾಗಲ್ಲ: ಯಾರೋ ಕಾಲಂನ ಹೆಸರು ಬದಲಿಸಿದ್ದಾರೆ, ಪಾಸ್‌ವರ್ಡ್ ಅವಧಿ ಮುಗಿದಿದೆ. ಸಾವಿರ ಸಲ ಯತ್ನಿಸಿದರೂ ಫಲ ಅದೇ. ಮರುಯತ್ನಕ್ಕೆ ಮಿತಿ ಬೇಕಾಗುವುದು ಇದಕ್ಕೇ. ಹಂತಗಳನ್ನು ಒಂದರ ಹಿಂದೆ ಒಂದು ನಡೆಸಲು ಅಮೆಜಾನಿನಲ್ಲಿ ಸ್ಟೆಪ್ ಫಂಕ್ಷನ್ಸ್ ಎಂಬ ಸೇವೆಯಿದೆ. ಅದರಲ್ಲಿ ಮರುಯತ್ನದ ನಿಯಮ ಹೀಗಿರಬಹುದು:

```json
"Retry": [{
  "ErrorEquals": ["States.TaskFailed"],
  "IntervalSeconds": 300,
  "MaxAttempts": 3,
  "BackoffRate": 2.0
}]
```

ಮೊದಲ ಮರುಯತ್ನಕ್ಕೆ 5 ನಿಮಿಷ ಕಾಯುತ್ತದೆ, ಎರಡನೆಯದಕ್ಕೆ 10, ಮೂರನೆಯದಕ್ಕೆ 20. ಕಾಯುವ ಸಮಯ ಒಟ್ಟು 35 ನಿಮಿಷ. ಆಮೇಲೆ ಕೈಬಿಟ್ಟು, ಜವಾಬ್ದಾರಿ ಇರುವವರ ಫೋನಿಗೆ ಸಂದೇಶ ಹೋಗಬೇಕು. ರಾತ್ರಿ 2ಕ್ಕೆ ಶುರುವಾದ ಕೆಲಸದ ಸೋಲು ಮೂರರ ಹೊತ್ತಿಗೆ ಗೊತ್ತಾದರೆ ಆರರೊಳಗೆ ಏನಾದರೂ ಮಾಡಲು ಸಮಯವಿರುತ್ತದೆ. ಕಾಯುವ ಸಮಯವನ್ನು ಪ್ರತಿ ಸಲ ದುಪ್ಪಟ್ಟು ಮಾಡುವುದಕ್ಕೆ ಕಾರಣವಿದೆ: ದಣಿದಿರುವ ಡೇಟಾಬೇಸನ್ನು ಕ್ಷಣಕ್ಷಣಕ್ಕೂ ಬಡಿದರೆ ಅದು ಚೇತರಿಸಿಕೊಳ್ಳುವುದೇ ಇಲ್ಲ. ಗ್ಲೂ ಸೇವೆಯಲ್ಲೂ ಮರುಯತ್ನದ ಸ್ವಂತ ಆಯ್ಕೆ ಇದೆ. ಎರಡು ಕಡೆಯೂ ಹಾಕಿದರೆ ಒಂದರೊಳಗೊಂದು ಗುಣಿಸಿಕೊಂಡು, ಯಾವ ಯತ್ನ ಯಾರದೆಂದು ತಿಳಿಯದಂತಾಗುತ್ತದೆ. ಒಂದೇ ಕಡೆ ಇಡುವುದು ಲೇಸು.

ಬೀಳದೆ, ಮುಗಿಯದೆ, ಸುಮ್ಮನೆ ನೇತಾಡುವ ಕೆಲಸವೂ ಉಂಟು. ಡೇಟಾಬೇಸಿನ ಒಂದು ಬೀಗಕ್ಕಾಗಿ ಕಾಯುತ್ತ ಅದು ಹಾಗೇ ಕುಳಿತಿರುತ್ತದೆ. ವಿಫಲವಾಗದ ಕಾರಣ ಯಾವ ಸಂದೇಶವೂ ಬರುವುದಿಲ್ಲ. ಗ್ಲೂ ಸೇವೆಯ 4.0 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ, ಬೇರೆ ಹೇಳದಿದ್ದರೆ, ಕೆಲಸವನ್ನು ತಾನಾಗಿ ನಿಲ್ಲಿಸುವ ಗಡುವು 2,880 ನಿಮಿಷ, ಅಂದರೆ ಎರಡು ದಿನ. ಗ್ಲೂ ಬಳಕೆಯನ್ನು ಡಿಪಿಯು ಎಂಬ ಅಳತೆಯಲ್ಲಿ ಲೆಕ್ಕ ಹಾಕುತ್ತದೆ. ಒಂದು ಡಿಪಿಯು ಎಂದರೆ 4 ಪ್ರೊಸೆಸರ್, 16 ಜಿಬಿ ಮೆಮೊರಿ. ಹಲವು ಪ್ರದೇಶಗಳಲ್ಲಿ ಅದರ ಬಾಡಿಗೆ ಗಂಟೆಗೆ 0.44 ಡಾಲರ್. ಹತ್ತು ಡಿಪಿಯು ಹಿಡಿದ ಕೆಲಸ ಆರು ನಿಮಿಷದಲ್ಲಿ ಮುಗಿದರೆ ಖರ್ಚು 44 ಸೆಂಟ್. ಅದೇ ಎರಡು ದಿನ ನೇತಾಡಿದರೆ 211 ಡಾಲರ್. ಆರು ನಿಮಿಷದ ಕೆಲಸಕ್ಕೆ 30 ನಿಮಿಷದ ಗಡುವು ಹಾಕಿದರೆ ಸಾಕು.

ಇಲ್ಲಿಯವರೆಗಿನದು ಕೆಲಸ ನಡೆಯಿತೋ ಇಲ್ಲವೋ ಎಂಬ ಮಾತು. ನಡೆದ ಕೆಲಸ ಸರಿಯಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಹೆಚ್ಚು ಕಷ್ಟದ್ದು. ಒಂದು ದಿನ 60 ಸಂಘಗಳಲ್ಲಿ ಹಾಲು ಅಳೆಯುವ ಯಂತ್ರದ ತಂತ್ರಾಂಶ ಬದಲಾಯಿತು ಎನ್ನಿ. ಇಷ್ಟು ದಿನ `4.2` ಎಂದು ಬರುತ್ತಿದ್ದ ಫ್ಯಾಟ್ ಈಗ `4.2%` ಎಂದು ಬರತೊಡಗಿತು. ಗ್ಲೂ 4.0 ಮತ್ತು 5.0 ಬಳಸುವುದು ಸ್ಪಾರ್ಕ್ 3ನ್ನು. ಸಂಖ್ಯೆಯಾಗಿಸಲಾಗದ ಪಠ್ಯ ಸಿಕ್ಕರೆ ಅದು, ಬೇರೆ ಹೇಳದಿದ್ದರೆ, ದೋಷ ಎತ್ತದೆ ಆ ಜಾಗದಲ್ಲಿ `null` ಇಡುತ್ತದೆ, ಅಂದರೆ ಖಾಲಿ. ಫ್ಯಾಟ್ ಖಾಲಿಯಾದರೆ ದರ ಸಿಗುವುದಿಲ್ಲ, ಹಣವೂ ಖಾಲಿ. ಅರವತ್ತು ಸಂಘ, ಅರವತ್ತು ಮಂದಿ, ಎರಡು ಹೊತ್ತು: 7,200 ಸಾಲುಗಳು. ಒಂದು ಸಾಲಿಗೆ 5 ಲೀಟರ್ ಎಂದರೂ 36,000 ಲೀಟರ್ ಹಾಲಿನ ಹಣ ಆ ದಿನದ ಮೊತ್ತದಲ್ಲಿ ಇಲ್ಲ.

ವರದಿ ನೋಡುವವರಿಗೆ ಇದು ಕಾಣುತ್ತದೆಯೇ? ಸಾಲುಗಳ ಸಂಖ್ಯೆ ಎಂದಿನಂತೆ 1,08,000. ಸರಾಸರಿ ಫ್ಯಾಟ್ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಸರಾಸರಿ ತೆಗೆಯುವಾಗ ಖಾಲಿ ಜಾಗಗಳನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಹಣದ ಮೊತ್ತ ಮಾತ್ರ ಶೇ. 6ರಿಂದ 7ರಷ್ಟು ಇಳಿದಿರುತ್ತದೆ. ಮಳೆಯೋ ಹಬ್ಬವೋ ಕಾರಣವೆಂದು ಯಾರೂ ಹೆಚ್ಚು ಕೇಳುವುದಿಲ್ಲ. ಬಟವಾಡೆಯ ದಿನ ರೈತರು ಸಂಘದ ಬಾಗಿಲಿಗೆ ಬಂದಾಗಲೇ ವಿಷಯ ಹೊರಬೀಳುವುದು.

ಇದನ್ನು ತಡೆಯುವ ಸಾಧನ ಗ್ಲೂ ಡೇಟಾ ಕ್ವಾಲಿಟಿ. ಅಮೆಜಾನ್ ಮುಕ್ತವಾಗಿ ಬಿಡುಗಡೆ ಮಾಡಿದ ಡೀಕ್ಯು ಎಂಬ ತಂತ್ರಾಂಶದ ಮೇಲೆ ಕಟ್ಟಿದ ಇದು, 2023ರಲ್ಲಿ ಎಲ್ಲರ ಬಳಕೆಗೆ ಬಂತು. ನಿಯಮಗಳನ್ನು ಬರೆಯಲು ಇದಕ್ಕೆ ತನ್ನದೇ ಚಿಕ್ಕ ಭಾಷೆ ಇದೆ. ಹಾಲಿನ ಒಂದು ದಿನದ ಲೆಕ್ಕಕ್ಕೆ ನಿಯಮಗಳು ಹೀಗಿರಬಹುದು:

```
Rules = [
  IsComplete "coll_id",
  IsUnique "coll_id",
  Completeness "fat" > 0.99,
  ColumnValues "fat" between 2 and 12,
  DistinctValuesCount "society_code" > 880,
  RowCount > avg(last(7)) * 0.8
]
```

ಮೊದಲ ಎರಡು, ಪ್ರತಿ ಸಾಲಿಗೂ ಗುರುತಿನ ಸಂಖ್ಯೆ ಇರಬೇಕು, ಅದು ಮರುಕಳಿಸಬಾರದು ಎನ್ನುತ್ತವೆ. ಎರಡು ಸಲ ಬರೆದ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದು ಮೇಲಿನ ಪ್ರಸಂಗವನ್ನು ಹಿಡಿಯುತ್ತದೆ: 7,200 ಖಾಲಿ ಎಂದರೆ ತುಂಬಿರುವುದು ಶೇ. 93.3, ಬೇಕಾದದ್ದು ಶೇ. 99ಕ್ಕಿಂತ ಹೆಚ್ಚು. ನಾಲ್ಕನೆಯದು ದಶಮಾಂಶ ಬಿಂದು ಕಳೆದುಕೊಂಡು 42 ಆಗಿ ಬಂದ ಫ್ಯಾಟನ್ನು ಹಿಡಿಯುತ್ತದೆ. ಕೊನೆಯ ಎರಡನ್ನು ಜೋಡಿಯಾಗಿ ನೋಡಬೇಕು. ಇಂದಿನ ಸಾಲುಗಳು ಹಿಂದಿನ ಏಳು ತಪಾಸಣೆಗಳ ಸರಾಸರಿಯ ಶೇ. 80ಕ್ಕಿಂತ ಹೆಚ್ಚಿರಬೇಕು ಎಂಬ ನಿಯಮ ಹಂಗಾಮಿನ ಏರಿಳಿತಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಒಳ್ಳೆಯದೇ. ಆದರೆ 40 ಸಂಘಗಳು ಪೂರ್ತಿ ಬಿಟ್ಟುಹೋದರೂ ಕಡಿಮೆಯಾಗುವುದು ಶೇ. 4.4 ಮಾತ್ರ, ಆ ನಿಯಮ ಸುಮ್ಮನಿರುತ್ತದೆ. ಸಂಘಗಳನ್ನೇ ಎಣಿಸುವ ನಿಯಮಕ್ಕೆ ಮಾತ್ರ ಅದು ಕಾಣುತ್ತದೆ.

ತಪಾಸಣೆಯನ್ನು ಯಾವಾಗ ಮಾಡುವುದು ಎಂಬುದೂ ನಿಯಮಗಳಷ್ಟೇ ಮುಖ್ಯ. ವರದಿ ಓದುವ ಜಾಗಕ್ಕೆ ಬರೆದ ಮೇಲೆ ಪರೀಕ್ಷಿಸಿದರೆ, ತಪ್ಪು ಗೊತ್ತಾಗುವ ಹೊತ್ತಿಗೆ ಯಾರೋ ಅದನ್ನು ಓದಿಯಾಗಿರುತ್ತದೆ. ಮೊದಲು ತಾತ್ಕಾಲಿಕ ಜಾಗದಲ್ಲಿ ಬರೆದು, ಅಲ್ಲಿ ಪರೀಕ್ಷಿಸಿ, ಪಾಸಾದ ಮೇಲೆ ನಿಜವಾದ ಜಾಗಕ್ಕೆ ತರಬೇಕು. ಗುಣಮಟ್ಟದ ಸೋಲನ್ನು ಮರುಯತ್ನದ ನಿಯಮಕ್ಕೆ ಸಿಕ್ಕಿಸಲೂಬಾರದು. ಅದೇ ಡೇಟಾವನ್ನು ಮೂರು ಸಲ ಪರೀಕ್ಷಿಸಿದರೆ ಮೂರು ಸಲವೂ ಸೋಲುತ್ತದೆ, 35 ನಿಮಿಷ ವ್ಯರ್ಥ. ಹಾಗಾಗಿ ತಪಾಸಣೆ ಮರುಯತ್ನವಿಲ್ಲದ ಪ್ರತ್ಯೇಕ ಹಂತವಾಗಿರಬೇಕು.

ಸೋತಾಗ ಎಲ್ಲವನ್ನೂ ನಿಲ್ಲಿಸಬೇಕೆಂದೇನೂ ಇಲ್ಲ. ಗುರುತಿನ ಸಂಖ್ಯೆ ಮರುಕಳಿಸಿದ್ದರೆ ಹಣ ಎರಡು ಸಲ ಹೋಗುವ ಅಪಾಯವಿದೆ, ಅಲ್ಲಿ ನಿಲ್ಲಿಸಲೇಬೇಕು. ಇಪ್ಪತ್ತೈದು ಸಂಘಗಳ ಲೆಕ್ಕ ಇನ್ನೂ ಬಂದಿಲ್ಲವೆಂದರೆ, ಅವುಗಳ ಪಟ್ಟಿಯನ್ನು ವರದಿಯ ತಲೆಯಲ್ಲಿ ಹಾಕಿ ಪ್ರಕಟಿಸುವುದು ಹೆಚ್ಚು ಉಪಯುಕ್ತ. ಕೆಲವೇ ಸಾಲುಗಳು ಕೆಟ್ಟಿದ್ದರೆ ಅವನ್ನು ಬೇರ್ಪಡಿಸಿ ಪಕ್ಕಕ್ಕಿಡಬಹುದು. ಯಾವ ಸಾಲು ಯಾವ ನಿಯಮದಲ್ಲಿ ಸೋತಿತು ಎಂಬುದನ್ನು ಗ್ಲೂ ಪ್ರತಿ ಸಾಲಿನ ಪಕ್ಕ ಬರೆದುಕೊಡುತ್ತದೆ. ಶೇಕಡಾ ಚಿಹ್ನೆಯ ಪ್ರಸಂಗದಲ್ಲಿ ಪಕ್ಕಕ್ಕಿಟ್ಟ 7,200 ಸಾಲುಗಳನ್ನು ಸಂಘದ ಸಂಖ್ಯೆಯಂತೆ ಗುಂಪು ಮಾಡಿದರೆ ಸಾಕು, ಅರವತ್ತೇ ಸಂಘಗಳು ಎದ್ದು ಕಾಣುತ್ತವೆ; ಅವೆಲ್ಲದರಲ್ಲೂ ಒಂದೇ ಯಂತ್ರವೆಂದು ಗೊತ್ತಾಗಲು ಹೆಚ್ಚು ಹೊತ್ತು ಬೇಡ. ಪರಿವರ್ತನೆಯ ಹಂತದಲ್ಲಿ ಆ ಚಿಹ್ನೆಯನ್ನು ತೆಗೆದುಹಾಕುವ ಒಂದು ಸಾಲು ಸೇರಿಸಿ, ಅದೇ ತಾರೀಖು ಕೊಟ್ಟು ಕೆಲಸವನ್ನು ಮತ್ತೆ ಓಡಿಸಿದರೆ ಆ ದಿನದ ಫೋಲ್ಡರು ಪೂರ್ತಿ ಹೊಸದಾಗಿ ಬರೆಯಲ್ಪಡುತ್ತದೆ.

ಇಂಥ ನಿಯಮಗಳಿಗೂ ಸಿಗದ ತಪ್ಪುಗಳಿವೆ. 4.2 ಇರಬೇಕಾದ ಕಡೆ 4 ಎಂದು ಬಂದರೆ ಅದು ಖಾಲಿಯೂ ಅಲ್ಲ, ಮಿತಿಯ ಹೊರಗೂ ಅಲ್ಲ. ಪೈಪ್‌ಲೈನಿನಲ್ಲೇ ಎಲ್ಲೋ ದಶಮಾಂಶ ಕತ್ತರಿಸಿಹೋಗಿದ್ದರೆ, ಮೂಲ ಡೇಟಾಬೇಸಿನಲ್ಲಿ ಆ ದಿನದ ಲೀಟರ್ ಮತ್ತು ಫ್ಯಾಟ್ ಕೂಡಿಸಿದ ಮೊತ್ತವನ್ನೂ ಬರೆದಿಟ್ಟ ಕಡತದ ಮೊತ್ತವನ್ನೂ ತಾಳೆ ನೋಡಿದರೆ ಸಿಗುತ್ತದೆ. ಯಂತ್ರವೇ 4 ಎಂದು ಅಳೆದಿದ್ದರೆ ಆ ತಾಳೆಯೂ ಸರಿಬರುತ್ತದೆ. ಅದನ್ನು ಹಿಡಿಯುವ ಜಾಗ ಹಳ್ಳಿಯ ಡೇರಿ, ಪೈಪ್‌ಲೈನ್ ಅಲ್ಲ.

ಕೊನೆಯದಾಗಿ, ಓಡಲೇ ಇಲ್ಲದ ಕೆಲಸ. ನಿರ್ವಹಣೆಗೆಂದು ಸಮಯಪಟ್ಟಿಯನ್ನು ಒಂದು ರಾತ್ರಿ ನಿಲ್ಲಿಸಿದವರು ಮತ್ತೆ ಚಾಲೂ ಮಾಡಲು ಮರೆತರೆ, ವಿಫಲವಾಗುವುದಕ್ಕೂ ಏನೂ ಇರುವುದಿಲ್ಲ. ಸೋಲಿನ ಸಂದೇಶಗಳನ್ನೆಲ್ಲ ಸರಿಯಾಗಿ ಜೋಡಿಸಿದ್ದರೂ ಫೋನು ಸದ್ದು ಮಾಡುವುದಿಲ್ಲ. ಇದಕ್ಕೆ ಪೈಪ್‌ಲೈನಿನಿಂದ ಪೂರ್ತಿ ಹೊರಗಿರುವ, ಬೇರೆ ಸಮಯಪಟ್ಟಿಯಲ್ಲಿ ಓಡುವ ಒಂದು ಪುಟ್ಟ ತಪಾಸಣೆ ಬೇಕು. ಅದು ಬೆಳಿಗ್ಗೆ 5ಕ್ಕೆ ಎದ್ದು ವರದಿಯ ಟೇಬಲಿನಲ್ಲಿರುವ ಅತ್ಯಂತ ಹೊಸ ತಾರೀಖನ್ನು ಓದಬೇಕು. ಅದು ನಿನ್ನೆಯದಲ್ಲದಿದ್ದರೆ ಸಂದೇಶ ಕಳಿಸಬೇಕು. ನಿನ್ನೆಯದೇ ಆಗಿದ್ದರೂ "ನೋಡಿದೆ, ಸರಿಯಿದೆ" ಎಂಬ ಒಂದು ಅಂಕಿಯನ್ನು ಕ್ಲೌಡ್‌ವಾಚ್ ಎಂಬ ನಿಗಾ ಸೇವೆಗೆ ಕಳಿಸಬೇಕು. ಆ ಅಂಕಿ ಬಾರದಿದ್ದರೆ ಅದನ್ನೂ ದೋಷವೆಂದೇ ಪರಿಗಣಿಸುವಂತೆ ಅಲ್ಲಿ ಹೇಳಿಡಲು ಬರುತ್ತದೆ. ಆಗ ತಪಾಸಣೆಯೇ ನಿಂತುಹೋದರೂ ಗೊತ್ತಾಗುತ್ತದೆ.